ಚಾರ್ಟಿನ ಮೇಲಿನ ಆಕ್ಷೇಪ, ಚಾರ್ಟ್ ನೋಡುವವರ ಉತ್ತರ

ಎಲ್ಲರಿಗೂ ನಮಸ್ಕಾರ. ಶೇರು ಬೆಲೆಯ ಚಾರ್ಟಿನಲ್ಲಿ ಕಾಣುವ ಆಕಾರಗಳನ್ನು ನೋಡಿ ಮುಂದಿನ ಬೆಲೆ ಹೇಳಬಹುದೇ ಎನ್ನುವುದೇ ಇಲ್ಲಿನ ಪ್ರಶ್ನೆ.

1959ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಹ್ಯಾರಿ ರಾಬರ್ಟ್ಸ್ ಒಂದು ಸಣ್ಣ ಪ್ರಯೋಗ ಮಾಡಿದರು. ಒಂದಕ್ಕೊಂದು ಸಂಬಂಧವೇ ಇಲ್ಲದ ಸಂಖ್ಯೆಗಳ ಪಟ್ಟಿ ತೆಗೆದುಕೊಂಡರು. ಪ್ರತಿ ಸಂಖ್ಯೆಯೂ ಒಂದು ವಾರದ ಏರಿಳಿತ ಎಂದುಕೊಂಡರು. 52 ವಾರದ ಏರಿಳಿತಗಳನ್ನು ಕೂಡುತ್ತಾ ಹೋಗಿ ಗೆರೆ ಎಳೆದರು. ಬಂದ ಚಿತ್ರ ಥೇಟ್ ಅಮೆರಿಕದ ಶೇರು ಸೂಚ್ಯಂಕವಾದ ಡೌ ಜೋನ್ಸ್ ಚಾರ್ಟಿನ ಹಾಗೇ ಇತ್ತು. ಅದರಲ್ಲಿ ನಡುವೆ ಎತ್ತರದ ಶಿಖರ, ಎರಡು ಬದಿಗೆ ತಗ್ಗಿನ ಶಿಖರ ಇರುವ ಹೆಡ್ ಅಂಡ್ ಶೋಲ್ಡರ್ಸ್ ಆಕಾರ ಕೂಡ ಕಾಣಿಸಿತು.

ಇದನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಸ್ಪ್ರೆಡ್‌ಶೀಟಿನ A1ರಲ್ಲಿ 100 ಎಂದು ಬರೆಯಿರಿ. A2ರಲ್ಲಿ ಇದನ್ನು ಹಾಕಿ:

```
=A1*(1+NORMINV(RAND(),0,0.01))
```

ಅದನ್ನು 250 ಸಾಲು ಕೆಳಗೆ ಎಳೆದು ಗ್ರಾಫ್ ಮಾಡಿ. ಒಂದು ವರ್ಷದ ಶೇರಿನ ಚಾರ್ಟ್ ಸಿದ್ಧ. F9 ಒತ್ತಿದಾಗಲೆಲ್ಲ ಹೊಸದೊಂದು ಬರುತ್ತದೆ. ನಾಲ್ಕಾರು ಸಲ ಒತ್ತುವಷ್ಟರಲ್ಲಿ ಡಬಲ್ ಬಾಟಮ್, ಟ್ರೆಂಡ್‌ಲೈನ್, ಬ್ರೇಕ್‌ಔಟ್ ಎಲ್ಲ ಕಣ್ಣಿಗೆ ಬೀಳುತ್ತವೆ. ಆದರೆ ಈ ಗೆರೆಯಲ್ಲಿ ನಾಳೆಯ ಸುಳಿವು ಏನೇನೂ ಇಲ್ಲ. ಹಾಗೆಂದು ನಮಗೆ ಖಾತ್ರಿ ಗೊತ್ತು, ಏಕೆಂದರೆ ಅದನ್ನು ಮಾಡಿದವರು ನಾವೇ.

ರ‍್ಯಾಂಡಮ್ ವಾಕ್, ಅಂದರೆ ಬೆಲೆ ಗೊತ್ತುಗುರಿಯಿಲ್ಲದೆ ಅಲೆಯುತ್ತದೆ ಎನ್ನುವ ವಾದ ಇಷ್ಟೇ: ಆಕಾರ ಕಂಡಿತು ಎನ್ನುವುದು ಸಾಕ್ಷಿಯಲ್ಲ. ಆ ಆಕಾರ ಬಂದ ಮೇಲೆ ಬೆಲೆ ಬೇರೆ ದಿನಗಳಿಗಿಂತ ಬೇರೆ ಥರ ನಡೆಯಿತೇ ಎನ್ನುವುದೇ ಪ್ರಶ್ನೆ. ದಕ್ಷ ಮಾರುಕಟ್ಟೆ ವಾದ ಇದಕ್ಕೊಂದು ಕಾರಣ ಕೊಡುತ್ತದೆ. ಚಾರ್ಟ್ ಎಲ್ಲರ ಮುಂದೆಯೂ ಇದೆ, ಅಲ್ವಾ? ಒಂದು ಆಕಾರ ನೋಡಿ ನಾಳೆ ಬೆಲೆ 110 ಆಗುತ್ತದೆ ಎಂದು ಗೊತ್ತಾದರೆ ಜನ ಇವತ್ತೇ 108, 109ಕ್ಕೆ ಕೊಳ್ಳುತ್ತಾರೆ. ನಾಳೆಗೆ ಉಳಿಯುವ ಲಾಭ ಇವತ್ತೇ ಕರಗಿಹೋಗುತ್ತದೆ.

ಮಾತಿನಲ್ಲಿ ಇದು ಚೆನ್ನಾಗಿದೆ. ಲೆಕ್ಕದಲ್ಲಿ ಏನಾಯಿತು ಎಂದು ನೋಡೋಣ. 1961ರಲ್ಲಿ ಎಂಐಟಿಯ ಸಿಡ್ನಿ ಅಲೆಕ್ಸಾಂಡರ್ ಒಂದು ನಿಯಮವನ್ನು ಪರೀಕ್ಷೆಗೆ ಇಟ್ಟರು. ಬೆಲೆ ತಳದಿಂದ ಶೇ. 5 ಏರಿದರೆ ಕೊಳ್ಳಿ. ಆಮೇಲೆ ಮುಟ್ಟಿದ ಶಿಖರದಿಂದ ಶೇ. 5 ಇಳಿದರೆ ಮಾರಿ. ಉದಾಹರಣೆಗೆ ಶೇರಿನ ತಳ ₹200 ಎಂದಿಟ್ಟುಕೊಳ್ಳಿ. ₹210ಕ್ಕೆ ಕೊಂಡಿರಿ. ಅದು ₹240ರವರೆಗೆ ಹೋಗಿ ತಿರುಗಿದರೆ ₹228ಕ್ಕೆ ಮಾರುತ್ತೀರಿ, ₹18 ಲಾಭ. ಆದರೆ ₹214ಕ್ಕೇ ನಿಂತು ತಿರುಗಿದರೆ ₹203.30ಕ್ಕೆ ಹೊರಬರಬೇಕು, ₹6.70 ನಷ್ಟ. ದೊಡ್ಡ ಓಟಗಳು ಸಾಕಷ್ಟು ಬಂದರೆ ಮಾತ್ರ ಈ ನಿಯಮಕ್ಕೆ ಗೆಲುವು.

ಅಲೆಕ್ಸಾಂಡರ್ ಲೆಕ್ಕದಲ್ಲಿ ಲಾಭ ಬಂತು. ಆಗ ಗಣಿತಜ್ಞ ಮಾಂಡೆಲ್‌ಬ್ರಾಟ್ ಒಂದು ತೊಡಕನ್ನು ಎತ್ತಿ ತೋರಿಸಿದರು. ನಿಮಗೆ ಸರಿಯಾಗಿ ₹210ಕ್ಕೇ ಶೇರು ಸಿಗುತ್ತದೆ ಎಂದು ಹೇಳಿದವರು ಯಾರು? ನಿನ್ನೆ ₹208ಕ್ಕೆ ಮುಗಿದದ್ದು ಇವತ್ತು ₹213ಕ್ಕೆ ಗ್ಯಾಪ್‌ಅಪ್ ಆಗಿ ತೆರೆಯಬಹುದು. ಮಾರುವಾಗಲೂ ಇದೇ ಕಥೆ, ಅದೂ ನಿಮಗೆ ವಿರುದ್ಧವಾಗಿ. ಇದನ್ನು ಸರಿಪಡಿಸಿ ಅಲೆಕ್ಸಾಂಡರ್ 1964ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಲಾಭ ಬಹಳ ತಗ್ಗಿತು. 1966ರಲ್ಲಿ ಫಾಮಾ ಮತ್ತು ಬ್ಲೂಮ್ ಡೌನ 30 ಶೇರುಗಳ ಮೇಲೆ ಇದೇ ಬಗೆಯ ನಿಯಮಗಳನ್ನು ಪರೀಕ್ಷಿಸಿದರು. ಶೇ. 5ರ ಬದಲು ತೀರಾ ಸಣ್ಣ ಶೇಕಡಾ ಇಟ್ಟ ನಿಯಮಗಳಲ್ಲಿ ಒಂದಿಷ್ಟು ಸುಳಿವು ನಿಜಕ್ಕೂ ಇತ್ತು. ಆದರೆ ಅವು ಎಷ್ಟು ಸಲ ಕೊಂಡು ಮಾರಬೇಕಾಗಿತ್ತು ಎಂದರೆ, ಕಮಿಷನ್ ಎಲ್ಲವನ್ನೂ ತಿಂದುಹಾಕಿತು.

ಈಗ ಚಾರ್ಟ್ ನೋಡುವವರ ಉತ್ತರಕ್ಕೆ ಬರೋಣ. "ನಾನು ನೋಡಿದ್ದೇನೆ, ಕೆಲಸ ಮಾಡುತ್ತದೆ" ಎನ್ನುವ ಉತ್ತರವನ್ನು ಬಿಟ್ಟುಬಿಡೋಣ. ಅದಕ್ಕಿಂತ ಎಷ್ಟೋ ಗಟ್ಟಿಯಾದ ಉತ್ತರಗಳಿವೆ.

ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವುದು ಸಪೋರ್ಟ್ ಮತ್ತು ರೆಸಿಸ್ಟೆನ್ಸ್, ಅಂದರೆ ಇಳಿಕೆ ನಿಲ್ಲುತ್ತದೆ ಮತ್ತು ಏರಿಕೆ ನಿಲ್ಲುತ್ತದೆ ಎನ್ನುವ ಮಟ್ಟಗಳ ಕುರಿತದ್ದು. ಅಮೆರಿಕದ ಕೇಂದ್ರ ಬ್ಯಾಂಕಿನ ಭಾಗವಾದ ನ್ಯೂಯಾರ್ಕ್ ಫೆಡ್‌ನಲ್ಲಿದ್ದ ಕ್ಯಾರಲ್ ಆಸ್ಲರ್ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಡಾಲರ್ ಎದುರು ಜರ್ಮನಿಯ ಮಾರ್ಕ್, ಯೆನ್, ಪೌಂಡ್ ದರಕ್ಕೆ ಆರು ಸಂಸ್ಥೆಗಳು ದಿನಾ ಹೇಳುತ್ತಿದ್ದ ಸಪೋರ್ಟ್, ರೆಸಿಸ್ಟೆನ್ಸ್ ಮಟ್ಟಗಳನ್ನು ತೆಗೆದುಕೊಂಡರು. ಸುಮ್ನೆ ಆರಿಸಿದ ಮಟ್ಟಗಳ ಜೊತೆ ಹೋಲಿಸಿದರು. ಸಂಸ್ಥೆಗಳು ಹೇಳಿದ ಮಟ್ಟಗಳಲ್ಲಿ ದರ ತಿರುಗುವುದು ಜಾಸ್ತಿ ಇತ್ತು. ಯಾಕೆ ಹೀಗೆ? ಮುಂದೆ ಅವರು ಒಂದು ದೊಡ್ಡ ಬ್ಯಾಂಕಿಗೆ ಬಂದಿದ್ದ ಆರ್ಡರ್‌ಗಳನ್ನೇ ನೋಡಿದರು. ಲಾಭ ತೆಗೆದುಕೊಳ್ಳುವ ಆರ್ಡರ್‌ಗಳು ಸೊನ್ನೆ ಸೊನ್ನೆಯಲ್ಲಿ ಮುಗಿಯುವ ದುಂಡು ಸಂಖ್ಯೆಗಳ ಮೇಲೆ ಗುಂಪಾಗಿದ್ದವು. ನಷ್ಟಕ್ಕೆ ಮಿತಿ ಹಾಕುವ ಸ್ಟಾಪ್‌ಲಾಸ್‌ ಆರ್ಡರ್‌ಗಳು ಆ ಸಂಖ್ಯೆ ದಾಟಿದ ಕೂಡಲೇ ಸಿಗುವ ಜಾಗದಲ್ಲಿದ್ದವು. ಹಾಗಾಗಿ ದರ ದುಂಡು ಸಂಖ್ಯೆಗೆ ಬಂದು ಬಡಿದು ಹಿಂದಿರುಗುತ್ತದೆ. ದಾಟಿಬಿಟ್ಟರೆ ಸ್ಟಾಪ್‌ಲಾಸ್‌ಗಳು ಒಂದರ ಹಿಂದೊಂದು ಹೊಡೆದುಕೊಂಡು ಓಟ ಜೋರಾಗುತ್ತದೆ. ಚಾರ್ಟ್‌ನವರು ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದದ್ದು ಇದನ್ನೇ. ಇಲ್ಲಿ ಮಂತ್ರವೇನೂ ಇಲ್ಲ. ಜನ ಆರ್ಡರ್ ಇಡುವ ರೀತಿಯೇ ಕಾರಣ. ಆದರೆ ಒಂದು ಎಚ್ಚರ: ದರ ತಿರುಗುತ್ತದೆ ಎಂದು ತೋರಿಸಿದರೆ ಖರ್ಚು ಕಳೆದು ಲಾಭ ಉಳಿಯುತ್ತದೆ ಎಂದು ತೋರಿಸಿದಂತಾಗಲಿಲ್ಲ.

ಎರಡನೆಯ ಉತ್ತರ ಟ್ರೆಂಡ್ ಕುರಿತದ್ದು. 1992ರಲ್ಲಿ ಬ್ರಾಕ್, ಲಾಕೊನಿಶೊಕ್, ಲೆಬರಾನ್ ಎಂಬ ಮೂವರು 1897ರಿಂದ 1986ರವರೆಗಿನ ಡೌ ಸೂಚ್ಯಂಕದ ಮೇಲೆ 26 ನಿಯಮಗಳನ್ನು ಪರೀಕ್ಷಿಸಿದರು. ಹಿಂದಿನ ದಿನಗಳ ಸರಾಸರಿ ಬೆಲೆ ನೋಡುವ ಮೂವಿಂಗ್ ಆವರೇಜ್, ಬೆಲೆ ಹಿಂದಿನ ಗಡಿ ದಾಟಿತೇ ಎಂದು ನೋಡುವ ಬ್ರೇಕ್‌ಔಟ್, ಎರಡೇ ಬಗೆ. ಬೈ ಸಿಗ್ನಲ್ ನಂತರದ ದಿನಗಳು ಸೆಲ್ ಸಿಗ್ನಲ್ ನಂತರದ ದಿನಗಳಿಗಿಂತ ಸ್ಪಷ್ಟವಾಗಿ ಚೆನ್ನಾಗಿದ್ದವು. ಬೆಲೆ ಪೂರ್ತಿ ರ‍್ಯಾಂಡಮ್ ಆಗಿದ್ದರೆ ಹೀಗಾಗಬಾರದು. ಚಾರ್ಟ್‌ನವರಿಗೆ ಇದು ದೊಡ್ಡ ಗೆಲುವು. ಆದರೆ ಈ ನಿಯಮಗಳು ನಮ್ಮ ಕೈಗೆ ಬಂದದ್ದು ಹೇಗೆ? ಸಾವಿರಾರು ನಿಯಮಗಳಲ್ಲಿ ಗೆದ್ದವು ಮಾತ್ರ ಉಳಿದಿರಬಹುದು. ಏನೂ ಹುರುಳಿಲ್ಲದ, ಒಂದಕ್ಕೊಂದು ಸಂಬಂಧವಿಲ್ಲದ 20 ನಿಯಮಗಳನ್ನು ತೆಗೆದುಕೊಂಡು, ಅದೃಷ್ಟದಿಂದ ಪಾಸಾಗುವ ಸಾಧ್ಯತೆ ತಲಾ ಶೇ. 5 ಮಾತ್ರ ಇರುವಂತೆ ಪರೀಕ್ಷಿಸಿದರೂ ಒಂದಾದರೂ ಪಾಸಾಗುವ ಸಾಧ್ಯತೆ ಶೇ. 64. 1999ರಲ್ಲಿ ಸಲಿವನ್, ಟಿಮ್ಮರ್‌ಮನ್, ವೈಟ್ ಸುಮಾರು 8 ಸಾವಿರ ನಿಯಮಗಳನ್ನು ಒಟ್ಟಿಗೆ ಲೆಕ್ಕಕ್ಕೆ ತಂದರು. ಹಳೆಯ ಅವಧಿಯ ಫಲಿತಾಂಶ ಈ ಪರೀಕ್ಷೆಯನ್ನೂ ತಡೆದುಕೊಂಡಿತು. ಆದರೆ 1986ರ ನಂತರದ ಹತ್ತು ವರ್ಷದಲ್ಲಿ, ಹಿಂದೆ ಎಲ್ಲಕ್ಕಿಂತ ಚೆನ್ನಾಗಿ ಗೆದ್ದಿದ್ದ ನಿಯಮವೂ ಮಾರುಕಟ್ಟೆಯನ್ನು ಮೀರಿಸಲಿಲ್ಲ.

ಕೊನೆಯದು ನಮ್ಮಲ್ಲಿ ಜಾಸ್ತಿ ಕೇಳಿಬರುವ ಉತ್ತರ: "ನಾನು ಭವಿಷ್ಯ ಹೇಳುವುದಿಲ್ಲ. ನನ್ನ ರಿಸ್ಕ್-ರಿವಾರ್ಡ್ 1:2. ಮೂರರಲ್ಲಿ ಎರಡು ಸೋತರೂ ಪರವಾಗಿಲ್ಲ." ಅಪಾಯಕ್ಕೆ ಮಿತಿ ಹಾಕುವುದು ಒಳ್ಳೆಯದೇ. ಆದರೆ ಲೆಕ್ಕ ನೋಡಿ. ₹100ಕ್ಕೆ ಖರೀದಿ, ₹95ಕ್ಕೆ ಸ್ಟಾಪ್, ₹110ಕ್ಕೆ ಟಾರ್ಗೆಟ್. ಬೆಲೆ ಎತ್ತಲೂ ವಾಲದೆ ಸುಮ್ಮನೆ ಅಲೆದಾಡಿದರೆ ಟಾರ್ಗೆಟ್ ಮೊದಲು ಸಿಗುವುದು ಸರಿಯಾಗಿ ಮೂರರಲ್ಲಿ ಒಂದು ಸಲ. ಒಂದು ಸಲ ₹10 ಬಂತು, ಎರಡು ಸಲ ₹5 ಹೋಯಿತು, ಉಳಿದದ್ದು ಸೊನ್ನೆ. ಅಂದರೆ 1:2 ಎನ್ನುವುದು ತಾನಾಗಿ ಯಾವ ಲಾಭವನ್ನೂ ಕೊಡುವುದಿಲ್ಲ. ಡೆಲಿವರಿಯಲ್ಲಿ ಕೊಳ್ಳುವಾಗ ಶೇ. 0.1, ಮಾರುವಾಗ ಶೇ. 0.1 ಎಸ್‌ಟಿಟಿ ಎಂಬ ತೆರಿಗೆ ಇದೆ. ಮಿಕ್ಕ ಖರ್ಚು ಸೇರಿಸಿ ಒಂದು ಸುತ್ತಿಗೆ 25 ಪೈಸೆ ಎಂದುಕೊಳ್ಳಿ. ಆಗ ಗೆದ್ದರೆ ₹9.75, ಸೋತರೆ ₹5.25. ಅಸಲು ಉಳಿಯಬೇಕಾದರೇ 100ರಲ್ಲಿ 35 ಗೆಲ್ಲಬೇಕು.

ಹಾಗಾಗಿ ಇಲ್ಲಿ ಚಾರ್ಟ್ ನೋಡುವವರಿಗೆ ನನ್ನ ಕೋರಿಕೆ ಒಂದೇ. ಕೊಳ್ಳುವ ಮೊದಲೇ ಬೆಲೆ, ಸ್ಟಾಪ್, ಟಾರ್ಗೆಟ್ ಬರೆದಿಡಿ. ಆಮೇಲೆ ಸ್ಟಾಪ್ ಸರಿಸಬೇಡಿ, ಸೋತದ್ದನ್ನು ಪಟ್ಟಿಯಿಂದ ತೆಗೆಯಬೇಡಿ. 60 ವಹಿವಾಟು ಆದ ಮೇಲೆ ಎಣಿಸಿ. ಚಾರ್ಟ್ ನೋಡದೇ ಇದೇ 1:2ರಲ್ಲಿ ಕೊಂಡಿದ್ದರೂ ಸುಮಾರು 20 ಗೆಲುವು ಬರುತ್ತಿತ್ತು. 24 ಬಂದರೆ ಅದು ಅದೃಷ್ಟದ ವ್ಯಾಪ್ತಿಯೊಳಗೇ ಇದೆ. 30 ಬಂದರೆ ಅದೃಷ್ಟ ಎಂದು ತಳ್ಳಿಹಾಕುವುದು ಕಷ್ಟ. ಆದರೂ ಆ 60 ವಹಿವಾಟು ನಡೆದ ದಿನಗಳಲ್ಲಿ ಇಡೀ ಮಾರುಕಟ್ಟೆಯೇ ಏರುತ್ತಿತ್ತೇ ಎಂದು ನೋಡಿಕೊಳ್ಳಬೇಕು. ಏರುತ್ತಿದ್ದರೆ, ಅದೇ ದಿನಗಳಲ್ಲಿ ಅದೇ ಸ್ಟಾಪ್, ಅದೇ ಟಾರ್ಗೆಟ್ ಇಟ್ಟು ಸುಮ್ನೆ ಚೀಟಿ ಎತ್ತಿ ಆರಿಸಿದ ಶೇರುಗಳು ಎಷ್ಟು ಗೆದ್ದವು ಎಂದು ಎಣಿಸಿ. ನಿಮ್ಮ 30ನ್ನು ಆ ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಬೇಕು.