ವ್ಯತ್ಯಾಸ ಕಂಡ ಮೇಲೆ, ಅಡ್ಜಸ್ಟ್‌ಮೆಂಟ್‌ಗೆ ಮೊದಲು

ಎಲ್ಲರಿಗೂ ನಮಸ್ಕಾರ.

ಸೈಕಲ್ ಕೌಂಟ್‌ನ ಕಾರ್ಯವಿಧಾನ ನಿಮ್ಮೆಲ್ಲರ ಹತ್ತಿರ ಇದೆ. ಯಾವ ಬಿನ್ ಯಾವತ್ತು ಎಣಿಸಬೇಕು, ಎ ದರ್ಜೆಯ ಐಟಂ ವರ್ಷಕ್ಕೆ ಎಷ್ಟು ಸಲ, ಸಿ ದರ್ಜೆಯದು ಎಷ್ಟು ಸಲ ಎಂಬುದನ್ನೆಲ್ಲ ಸಿಸ್ಟಮ್ಮೇ ಪಟ್ಟಿ ಮಾಡಿ ಕೊಡುತ್ತದೆ. ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಎಣಿಕೆ ಮುಗಿದು, ಸಿಸ್ಟಮ್ ಒಂದು ಹೇಳುತ್ತಿದೆ, ಶೆಲ್ಫ್ ಇನ್ನೊಂದು ಹೇಳುತ್ತಿದೆ ಎಂದು ಗೊತ್ತಾದ ಹೊತ್ತಿನಿಂದ ಅಡ್ಜಸ್ಟ್‌ಮೆಂಟ್ ಪೋಸ್ಟ್ ಆಗುವವರೆಗೆ ಟೀಮ್ ಲೀಡ್ ಏನು ಮಾಡಬೇಕು ಎಂಬುದಷ್ಟೇ ಇವತ್ತಿನ ವಿಷಯ. ಗೋದಾಮಿನ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಎಣಿಸಿದವರು ಸರಿಯಾಗಿಯೇ ಎಣಿಸಿರುತ್ತಾರೆ, ಆಮೇಲೆ ನಾವು ಅವಸರಪಟ್ಟು ಅದನ್ನು ಕೆಡಿಸುತ್ತೇವೆ.

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ಬಿ-14-03 ಬಿನ್‌ನಲ್ಲಿ 6204 ಬೇರಿಂಗ್ ಇದೆ. ಒಂದು ಕಾರ್ಟನ್‌ಗೆ 24 ಪೀಸ್. ಬೆಳಿಗ್ಗೆ 10:15ಕ್ಕೆ ಕೌಂಟ್ ಟಾಸ್ಕ್ ತೆರೆದಾಗ ಸಿಸ್ಟಮ್ ಸ್ಟಾಕ್ 480 ಇತ್ತು. 10:20ಕ್ಕೆ ಎಣಿಸಿದವರು ಬರೆದದ್ದು 432. ಅಂದರೆ 48 ಪೀಸ್ ಕಮ್ಮಿ, ಎರಡು ಕಾರ್ಟನ್.

ಮೊದಲ ಕೆಲಸ ಮರು ಎಣಿಕೆ. ಮೊದಲು ಎಣಿಸಿದವರನ್ನೇ ಮತ್ತೆ ಕಳಿಸಬೇಡಿ. ಒಮ್ಮೆ 18 ಕಾರ್ಟನ್ ಎಂದು ಎಣಿಸಿದ ಕಣ್ಣಿಗೆ ಎರಡನೇ ಸಲವೂ 18 ಎಂದೇ ಕಾಣುತ್ತದೆ. ಬೇರೆಯವರನ್ನು ಕಳಿಸಿ, ಅವರಿಗೆ ಸಿಸ್ಟಮ್ ಸಂಖ್ಯೆಯನ್ನೂ ಹೇಳಬೇಡಿ, ಮೊದಲ ಎಣಿಕೆಯನ್ನೂ ಹೇಳಬೇಡಿ. ಸ್ಕ್ಯಾನರ್ ಪರದೆಯಲ್ಲಿ ಸ್ಟಾಕ್ ಕಾಣಿಸುತ್ತಿದ್ದರೆ ಆ ಸೆಟ್ಟಿಂಗ್ ತೆಗೆಸಿ. "ಎರಡು ಕಾರ್ಟನ್ ಕಮ್ಮಿ ಬರ್ತಿದೆ, ಸ್ವಲ್ಪ ನೋಡ್ಕೊಂಡು ಬಾ" ಎಂದು ಕಳಿಸಿದರೆ ಆ ಎರಡು ಕಾರ್ಟನ್ ಹೇಗೋ ಸಿಕ್ಕೇಬಿಡುತ್ತವೆ. ಎರಡೂ ಎಣಿಕೆ ಬೇರೆ ಬೇರೆ ಬಂದರೆ ಮೂರನೆಯದನ್ನು ನೀವೇ ನಿಂತು ಎಣಿಸಿ. ಯಾವ ಎರಡು ಎಣಿಕೆ ತಾಳೆಯಾಗುತ್ತವೋ ಅದನ್ನು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಎರಡನೆಯವರೂ 432 ಎಂದರು. ಬಿನ್ ಇನ್ನೂ ಲಾಕ್‌ನಲ್ಲಿದೆ, ಹೊಸ ಪಿಕ್ ಅಲ್ಲಿಂದ ಹೋಗುತ್ತಿಲ್ಲ ಎಂದುಕೊಳ್ಳಿ.

ಈಗ ಎಣಿಕೆ ಖಚಿತವಾಯಿತು. 48 ಕಮ್ಮಿ ಎಂದು ಬರೆದುಬಿಡಬಹುದೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ವ್ಯತ್ಯಾಸ ಎಂದರೆ ಒಂದೇ ಹೊತ್ತಿನ ಎರಡು ಸಂಖ್ಯೆಗಳ ನಡುವಿನ ಅಂತರ. ಶೆಲ್ಫ್‌ನ ಸಂಖ್ಯೆ 10:20ರದು. ಸಿಸ್ಟಮ್ ಸಂಖ್ಯೆಯೂ ಅದೇ ಹೊತ್ತಿನ ನಿಜ ಸ್ಥಿತಿಯೇ? ಬಿನ್‌ನಿಂದ ಮಾಲು ಎತ್ತಿದ ಮೇಲೆ ಅದು ಸಿಸ್ಟಮ್‌ನಲ್ಲಿ ಕನ್ಫರ್ಮ್ ಆಗುವ ತನಕ ಒಂದು ಸಂದು ಇರುತ್ತದೆ. ಆ ಸಂದಿನಲ್ಲಿ ಎಣಿಕೆ ನಡೆದರೆ ಇಲ್ಲದ ಕೊರತೆ ಕಾಣಿಸಿಕೊಳ್ಳುತ್ತದೆ. ಲಾಕ್ ಹಾಕಿದರೆ ಮುಂದಿನ ಪಿಕ್ ನಿಲ್ಲುತ್ತದೆ, ಲಾಕ್‌ಗೆ ಮೊದಲೇ ಎತ್ತಿಕೊಂಡು ಹೋದ ಮಾಲು ಮಾತ್ರ ಟ್ರಾಲಿಯ ಮೇಲೆಯೇ ಇರುತ್ತದೆ.

ಆ ಐಟಂ ಮೇಲೆ ತೆರೆದಿದ್ದ ಟಾಸ್ಕ್‌ಗಳ ಪಟ್ಟಿ ತೆಗೆಯಿರಿ. ನಮ್ಮ ಪಟ್ಟಿಯಲ್ಲಿ ಒಂದು ಪಿಕ್ ಇದೆ: 24 ಪೀಸ್, 10:05ಕ್ಕೆ ಶುರುವಾಗಿದೆ, 10:40ಕ್ಕೆ ಕನ್ಫರ್ಮ್ ಆಗಿದೆ. ಕಾರ್ಟನ್ ಪ್ಯಾಕಿಂಗ್ ಟೇಬಲ್ ಮೇಲೆ ಇತ್ತು. ಅಂದಮೇಲೆ 10:20ಕ್ಕೆ ಬಿನ್‌ನಲ್ಲಿ ಇರಬೇಕಾಗಿದ್ದದ್ದು 480 ಅಲ್ಲ, 456. ಲೆಕ್ಕ ಹೀಗೆ:

```
ವ್ಯತ್ಯಾಸ = ಎಣಿಕೆ − (ಸಿಸ್ಟಮ್ ಸ್ಟಾಕ್ − ಎತ್ತಿದ, ಕನ್ಫರ್ಮ್ ಆಗದ ಪಿಕ್
                    + ಇಟ್ಟ, ಕನ್ಫರ್ಮ್ ಆಗದ ಪುಟ್‌ಅವೇ)
        = 432 − (480 − 24 + 0) = −24
```

ಇದನ್ನು ನೋಡದೆ ಮಧ್ಯಾಹ್ನ ಯಾರಾದರೂ 48 ಕಮ್ಮಿ ಎಂದು ಪೋಸ್ಟ್ ಮಾಡಿದ್ದರೆ ಏನಾಗುತ್ತಿತ್ತು? 10:40ರ ಕನ್ಫರ್ಮ್‌ನಿಂದ ಸಿಸ್ಟಮ್ ಆಗಲೇ 456ಕ್ಕೆ ಇಳಿದಿತ್ತು. ಅದರಿಂದ 48 ಕಳೆದರೆ 408. ಶೆಲ್ಫ್ ಮೇಲೆ 432 ಇದೆ. ಮುಂದಿನ ಎಣಿಕೆಯಲ್ಲಿ 24 ಹೆಚ್ಚು ಬರುತ್ತದೆ, ಅದಕ್ಕೆ ಇನ್ನೊಂದು ಅಡ್ಜಸ್ಟ್‌ಮೆಂಟ್. ಒಂದೇ ಐಟಂಗೆ ಇವತ್ತು ಮೈನಸ್, ಮುಂದಿನ ಸಲ ಅಷ್ಟೇ ಪ್ಲಸ್ ಬರುತ್ತಿದ್ದರೆ ಕಳ್ಳನನ್ನು ಹುಡುಕಬೇಡಿ, ಕನ್ಫರ್ಮ್ ಆಗುವುದು ಎಲ್ಲಿ ತಡವಾಗುತ್ತಿದೆ ಎಂದು ಹುಡುಕಿ.

ಉಳಿದದ್ದು 24 ಪೀಸ್, 456ರಲ್ಲಿ ಶೇಕಡಾ 5ಕ್ಕಿಂತ ಹೆಚ್ಚು. ಎ ದರ್ಜೆಗೆ ಶೇಕಡಾ 0.2, ಬಿ ದರ್ಜೆಗೆ 1, ಸಿ ದರ್ಜೆಗೆ 5 ಎಂಬ ಮಿತಿಯನ್ನು ಅನೇಕ ಕಡೆ ಇಟ್ಟುಕೊಳ್ಳುತ್ತಾರೆ. ನಿಮ್ಮಲ್ಲಿ ಬೇರೆ ಇರಬಹುದು, ಆದರೆ ಇದು ಯಾವ ಮಿತಿಯೊಳಗೂ ಕೂರುವುದಿಲ್ಲ. ಹಾಗಾಗಿ ತನಿಖೆ ಆಗಲೇಬೇಕು.

ತನಿಖೆ ಶುರುಮಾಡುವಾಗ ಸಂಖ್ಯೆಯನ್ನೇ ಒಮ್ಮೆ ದಿಟ್ಟಿಸಿ ನೋಡಿ. 24 ಎಂದರೆ ಸರಿಯಾಗಿ ಒಂದು ಕಾರ್ಟನ್. ಕಾರ್ಟನ್‌ಗೆ ಪೂರ್ತಿ ಭಾಗವಾಗುವ ವ್ಯತ್ಯಾಸ ಬಂದರೆ, ಇಡೀ ಪೆಟ್ಟಿಗೆಯೇ ಎಲ್ಲೋ ತಪ್ಪು ದಾರಿ ಹಿಡಿದಿದೆ ಎಂದು ಊಹಿಸಬಹುದು. 7, 11 ಎಂಬಂಥ ಬಿಡಿ ಸಂಖ್ಯೆ ಬಂದರೆ ಒಡೆದ ಕಾರ್ಟನ್, ಬಿಡಿ ಪಿಕ್, ಡ್ಯಾಮೇಜ್ ಕಡೆ ನೋಡಬೇಕು. ಕೈಯಿಂದ ಟೈಪ್ ಮಾಡುವ ಕಡೆ ವ್ಯತ್ಯಾಸ 9ರಿಂದ ಭಾಗವಾಗುತ್ತಿದ್ದರೆ ಅಂಕಿ ಅದಲುಬದಲಾಗಿರಬಹುದು. 54 ಹೋಗಿ 45 ಆದರೆ ಅಂತರ 9. ಇವೆಲ್ಲ ಸುಳಿವುಗಳು ಮಾತ್ರ, ಪುರಾವೆಯಲ್ಲ.

ಪೆಟ್ಟಿಗೆ ಹುಡುಕಲು ಇಡೀ ಗೋದಾಮು ಸುತ್ತುವ ಅಗತ್ಯವಿಲ್ಲ. ಪಕ್ಕದ ಬಿನ್, ಮೇಲಿನದು, ಕೆಳಗಿನದು, ಆಮೇಲೆ ನೋಡಲು ಒಂದೇ ಥರ ಇರುವ ಐಟಂ ಎಲ್ಲಿದೆಯೋ ಅಲ್ಲಿ. ನಮ್ಮ ಪಕ್ಕದ ಬಿ-14-04ರಲ್ಲಿ 6205 ಬೇರಿಂಗ್ ಇದೆ. 6204ರ ಒಳವ್ಯಾಸ 20 ಮಿಲಿಮೀಟರ್, 6205ರದ್ದು 25. ಬೇರಿಂಗ್ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಕಾರ್ಟನ್ ಮೇಲೆ ಮಾತ್ರ ಕೊನೆಯ ಒಂದು ಅಂಕಿ ಬೇರೆ, ಅದರಲ್ಲೂ ಇಲ್ಲಿ ಎರಡಕ್ಕೂ ಕಾರ್ಟನ್‌ಗೆ 24 ಪೀಸೇ. ಆ ಬಿನ್ ಎಣಿಸಿದಾಗ ಸಿಸ್ಟಮ್‌ನಲ್ಲಿ 312 ಇರುವ ಕಡೆ 336 ಸಿಕ್ಕಿತು. 24 ಹೆಚ್ಚು.

ಇಲ್ಲಿ ಕಮ್ಮಿ, ಅಲ್ಲಿ ಅಷ್ಟೇ ಹೆಚ್ಚು. ಬಹಳಷ್ಟು ಲೀಡ್‌ಗಳು ಸಮಾಧಾನದ ಉಸಿರು ಬಿಡುವುದು ಇಲ್ಲಿ. ಒಂದಕ್ಕೆ ಮೈನಸ್, ಇನ್ನೊಂದಕ್ಕೆ ಪ್ಲಸ್ ಹಾಕಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಒಂದೇ ಜೋಡಿ ಸಂಖ್ಯೆಯ ಹಿಂದೆ ಎರಡು ಬೇರೆ ಬೇರೆ ಸಂಗತಿಗಳು ಇರಬಹುದು. 04ರಲ್ಲಿರುವ 14 ಕಾರ್ಟನ್‌ಗಳ ಲೇಬಲ್ ಒಂದೊಂದಾಗಿ ಓದಿದರೆ ಮಾತ್ರ ಯಾವುದು ನಿಜ ಎಂದು ತಿಳಿಯುತ್ತದೆ. ಹಿಂದಿನ ಸಾಲಿನವನ್ನೂ ಹೊರಗೆ ಎಳೆದು ಓದಬೇಕು.

ಅದರಲ್ಲಿ ಒಂದರ ಮೇಲೆ 6204 ಎಂದಿದ್ದರೆ, ಪುಟ್‌ಅವೇ ಮಾಡುವಾಗ ಪೆಟ್ಟಿಗೆ ಪಕ್ಕದ ಬಿನ್‌ಗೆ ಹೋಗಿ ಕೂತಿದೆ, ಎಣಿಸಿದವರು ಅದನ್ನು 6205 ಎಂದು ಎಣಿಸಿದ್ದಾರೆ. ಆಗ ಪೆಟ್ಟಿಗೆಯನ್ನು 03ಕ್ಕೆ ಎತ್ತಿಡಿ, ಎರಡೂ ಬಿನ್ ಮತ್ತೆ ಎಣಿಸಿ. ಲೆಕ್ಕ ತಾಳೆಯಾಗುತ್ತದೆ, ಅಡ್ಜಸ್ಟ್‌ಮೆಂಟ್ ಬೇಕಾಗಿಯೇ ಇಲ್ಲ. ಈ ಸಂದರ್ಭದಲ್ಲಿ ಪೋಸ್ಟ್ ಮಾಡಿಬಿಟ್ಟಿದ್ದರೆ, ಪೆಟ್ಟಿಗೆ ಸರಿಯಾದ ಜಾಗಕ್ಕೆ ಬಂದ ದಿನ ಎರಡೂ ಬಿನ್ ತಪ್ಪಾಗುತ್ತಿದ್ದವು.

14ಕ್ಕೆ 14 ಕಾರ್ಟನ್ ಮೇಲೂ 6205 ಎಂದೇ ಇದ್ದರೆ ಸಂಗತಿ ಗಂಭೀರ. 6205 ಕೇಳಿದ ಯಾರಿಗೋ 6204 ಹೋಗಿದೆ. ಸಿಸ್ಟಮ್ 6205ರಿಂದ 24 ಕಳೆದಿದೆ, ಶೆಲ್ಫ್‌ನಿಂದ ಖಾಲಿಯಾದದ್ದು 6204. ನಮ್ಮ ಉದಾಹರಣೆಯಲ್ಲಿ ಆದದ್ದು ಇದು.

ಈಗ ಯಾವ ಆರ್ಡರ್ ಎಂದು ಹುಡುಕಬೇಕು. ಎಷ್ಟು ಹಿಂದಕ್ಕೆ ಹೋಗಬೇಕು ಎಂಬುದಕ್ಕೆ ಗೆರೆ ಸ್ಪಷ್ಟ: ಎರಡೂ ಬಿನ್‌ಗಳು ವ್ಯತ್ಯಾಸವಿಲ್ಲದೆ ತಾಳೆಯಾದ ಕೊನೆಯ ಎಣಿಕೆಯವರೆಗೆ. ಆ ಅವಧಿಯಲ್ಲಿ 6205 ಕಾರ್ಟನ್ ಹೋದ ಪಿಕ್‌ಗಳನ್ನು ತೆಗೆದು, ಬಾರ್‌ಕೋಡ್ ಸ್ಕ್ಯಾನ್ ಆದವನ್ನು ಬದಿಗಿಡಿ. ಸ್ಕ್ಯಾನ್ ಆಗಿದ್ದರೆ ತಪ್ಪು ಐಟಂ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಲೇಬಲ್ ಹರಿದಿದೆ, ಓದುತ್ತಿಲ್ಲ ಎಂದು ಕೋಡನ್ನು ಕೈಯಿಂದ ಟೈಪ್ ಮಾಡಿದ ಪಿಕ್ ಉಳಿಯುತ್ತದೆ. ನಮ್ಮ ಪಟ್ಟಿಯಲ್ಲಿ ಅಂಥದ್ದು ಒಂದೇ ಇತ್ತು. ಗ್ರಾಹಕರಿಗೆ ಫೋನ್ ಮಾಡಿದಾಗ ಒಂದು ಕಾರ್ಟನ್ 6204 ಬಂದಿರುವುದು ಖಚಿತವಾಯಿತು.

ಪಿಕ್ ಮಾಡಿದವರನ್ನು ಮಾತಾಡಿಸುವಾಗ "ಯಾಕೆ ಹೀಗೆ ಮಾಡಿದ್ರಿ" ಎಂದು ಶುರುಮಾಡಬೇಡಿ. "ಆ ಲೇಬಲ್ ಸ್ಕ್ಯಾನ್ ಆಗ್ತಿರಲಿಲ್ವಾ, ಆಗ ಏನ್ ಮಾಡಿದ್ರಿ" ಎಂದು ಕೇಳಿ. ಉತ್ತರದಲ್ಲಿ ನಿಜವಾದ ಕಾರಣ ಸಿಗುತ್ತದೆ: ಬಿನ್ ಮೇಲಿನ ಲೇಬಲ್ ನೋಡಿ ಕೋಡ್ ಹೊಡೆದಿದ್ದಾರೆ, ಕೈಯಲ್ಲಿದ್ದ ಪೆಟ್ಟಿಗೆಯದನ್ನಲ್ಲ. ಎಚ್ಚರಿಕೆ ಪತ್ರ ಕೊಟ್ಟರೆ ಮುಂದಿನ ಸಲ ಯಾರೂ ಇದನ್ನು ಬಾಯಿಬಿಡುವುದಿಲ್ಲ.

ಎಲ್ಲ ತನಿಖೆಗೂ ಇಷ್ಟು ಚೊಕ್ಕವಾದ ಉತ್ತರ ಸಿಗುವುದಿಲ್ಲ. ಜೋಡಿ ವ್ಯತ್ಯಾಸ ಎಲ್ಲೂ ಇಲ್ಲ, ತೆರೆದ ಟಾಸ್ಕ್ ಇಲ್ಲ, ಇತಿಹಾಸದಲ್ಲೂ ಏನಿಲ್ಲ ಎಂದಾದರೆ "ಕಾರಣ ತಿಳಿದಿಲ್ಲ" ಎಂದೇ ದಾಖಲಿಸಿ. ಸುಮ್ಮನೆ "ಡ್ಯಾಮೇಜ್" ಎಂದು ಹಾಕಿದರೆ ತಿಂಗಳ ಕೊನೆಯಲ್ಲಿ ಡ್ಯಾಮೇಜ್ ಕಡಿಮೆ ಮಾಡಲು ಯಾರೋ ದುಡಿಯುತ್ತಾರೆ, ಸಮಸ್ಯೆ ಇನ್ನೆಲ್ಲೋ ಇರುತ್ತದೆ. "ಎಣಿಕೆ ವ್ಯತ್ಯಾಸ" ಎಂಬ ಕೋಡ್ ನಿಮ್ಮ ಪಟ್ಟಿಯಲ್ಲಿದ್ದರೆ ತೆಗೆಸಿಹಾಕಿ, ಅದು ಪ್ರಶ್ನೆಯನ್ನೇ ಉತ್ತರದ ಜಾಗದಲ್ಲಿ ಬರೆದ ಹಾಗೆ. ಚಿಕ್ಕ, ಬೆಲೆಬಾಳುವ ಐಟಂ ಮತ್ತೆ ಮತ್ತೆ ಕಮ್ಮಿಯಾಗುತ್ತಲೇ ಇದ್ದು, ಎಲ್ಲೂ ಹೆಚ್ಚು ಕಾಣದಿದ್ದರೆ ಅದನ್ನು ಮ್ಯಾನೇಜರ್‌ಗೆ ಒಪ್ಪಿಸಿ, ನೀವೇ ವಿಚಾರಣೆಗೆ ಇಳಿಯಬೇಡಿ.

ಅಡ್ಜಸ್ಟ್‌ಮೆಂಟ್‌ಗೆ ಬರೋಣ. ಎಣಿಸಿದವರು, ಮನವಿ ಹಾಕುವವರು, ಒಪ್ಪಿಗೆ ಕೊಡುವವರು ಒಬ್ಬರೇ ಆಗಬಾರದು. 6204ಕ್ಕೆ 24 ಮೈನಸ್, 6205ಕ್ಕೆ 24 ಪ್ಲಸ್ ಎಂದು ಎರಡು ನಮೂದು ಬೇರೆ ಬೇರೆ ಹಾಕಿ, ಎರಡಕ್ಕೂ "ತಪ್ಪು ಐಟಂ ಪಿಕ್" ಎಂಬ ಕಾರಣ ಮತ್ತು ಆ ಆರ್ಡರ್ ಸಂಖ್ಯೆ ಬರೆಯಿರಿ. ವರದಿಯಲ್ಲಿ ಎರಡನ್ನೂ ಕೂಡಿಸಿ ಸೊನ್ನೆ ಎಂದು ತೋರಿಸಬೇಡಿ. ಎರಡು ಬಿನ್ ತಪ್ಪಾಗಿದ್ದವು, ಚಿಹ್ನೆ ಬಿಟ್ಟು ಕೂಡಿಸಿದರೆ ತಪ್ಪು 48 ಪೀಸ್‌ನದು. ಎರಡರ ಬೆಲೆ ಬೇರೆ ಇದ್ದರೆ ಹಣದ ಲೆಕ್ಕದಲ್ಲಂತೂ ಸೊನ್ನೆ ಬರುವುದೂ ಇಲ್ಲ.

ಇನ್ನು ಆ ಕಾರ್ಟನ್ ಗ್ರಾಹಕರಿಂದ ವಾಪಸ್ ಬರುತ್ತದೆ. ರಿಟರ್ನ್ಸ್ ಕೌಂಟರ್‌ನವರು ಸಾಮಾನ್ಯವಾಗಿ ಹಳೆಯ ಇನ್‌ವಾಯ್ಸ್ ತೆರೆದು ಅದರ ಸಾಲಿನ ಮೇಲೆಯೇ ರಿಸೀವ್ ಮಾಡುತ್ತಾರೆ. ಆ ಸಾಲಿನಲ್ಲಿ ಇರುವುದು 6205. ಹಾಗೆ ಮಾಡಿದರೆ 6205 ಮತ್ತೆ ಸಿಸ್ಟಮ್‌ನಲ್ಲಿ 24 ಜಾಸ್ತಿಯಾಗುತ್ತದೆ, 6204 ಬಿನ್‌ಗೆ ಲೆಕ್ಕವಿಲ್ಲದ ಒಂದು ಪೆಟ್ಟಿಗೆ ಸೇರುತ್ತದೆ. ಅಡ್ಜಸ್ಟ್‌ಮೆಂಟ್ ಪೋಸ್ಟ್ ಆದ ದಿನವೇ ರಿಟರ್ನ್ಸ್ ಕೌಂಟರ್‌ಗೆ ಬರಹದಲ್ಲಿ ತಿಳಿಸಿ: ಈ ಆರ್ಡರ್‌ನ ಪೆಟ್ಟಿಗೆ ಬಂದಾಗ ಲೇಬಲ್ ಓದಿ 6204 ಎಂದೇ ರಿಸೀವ್ ಮಾಡಬೇಕು, 03ರಲ್ಲಿ ಇಡಬೇಕು. ಅದು ಬಂದ ಮೇಲೆ ಎರಡೂ ಬಿನ್‌ಗೆ ಇನ್ನೊಂದು ಎಣಿಕೆ ಹಾಕಿಸಿ, ತಾಳೆಯಾದರೆ ಫೈಲ್ ಮುಚ್ಚಿ.