ಕ್ಲಿಯರೆನ್ಸ್ 80, ಜಿಎಫ್‌ಆರ್ 120: ಔಷಧ ವಾಪಸ್ ಹೋಯಿತಾ, ಹೊರಗೆ ಬಂತಾ?

ನಮಸ್ಕಾರ. ಎಂಬಿಬಿಎಸ್ ಮೊದಲ ವರ್ಷದ ಹುಡುಗಿಯೊಬ್ಬಳು ನನಗೆ ಒಂದು ಲೆಕ್ಕ ಕಳಿಸಿದ್ದಳು. “ಅಣ್ಣಾ, ಕೀ ಆನ್ಸರೇ ತಪ್ಪಿದೆ ಅನಿಸುತ್ತಿದೆ, ಒಮ್ಮೆ ನೋಡಿ” ಅಂತ. ನೋಡಿದೆ. ನನಗೂ ತಪ್ಪು ಅಂತಲೇ ಅನಿಸಿತು. ಇಪ್ಪತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ತಪ್ಪಿದ್ದು ನಾವಿಬ್ಬರೇ.

[ಪರದೆ ಮೇಲೆ ಲೆಕ್ಕ]

3 ಗಂಟೆಯಲ್ಲಿ 360 ಮಿಲಿ ಮೂತ್ರ. ಇನ್ಯುಲಿನ್: ಪ್ಲಾಸ್ಮಾದಲ್ಲಿ ಡೆಸಿಲೀಟರಿಗೆ 20 ಮಿಲಿಗ್ರಾಂ, ಮೂತ್ರದಲ್ಲಿ ಮಿಲಿಗೆ 12 ಮಿಲಿಗ್ರಾಂ. ಒಂದು ಔಷಧ: ಪ್ಲಾಸ್ಮಾದಲ್ಲಿ ಡೆಸಿಲೀಟರಿಗೆ 4 ಮಿಲಿಗ್ರಾಂ, ಮೂತ್ರದಲ್ಲಿ ಮಿಲಿಗೆ 1.6 ಮಿಲಿಗ್ರಾಂ. ಪ್ಲಾಸ್ಮಾದಲ್ಲಿರುವ ಔಷಧದ ಅರ್ಧ ಭಾಗ ಪ್ರೋಟೀನಿಗೆ ಅಂಟಿಕೊಂಡಿದೆ. ಕಿಡ್ನಿಯ ನಳಿಕೆಗಳು ಈ ಔಷಧವನ್ನು ಏನು ಮಾಡುತ್ತಿವೆ?

ಸೂತ್ರ ಎಲ್ಲರಿಗೂ ಗೊತ್ತು:

```
C = U × V / P
```

U ಮೂತ್ರದಲ್ಲಿರುವ ಸಾಂದ್ರತೆ, P ಪ್ಲಾಸ್ಮಾದಲ್ಲಿರುವ ಸಾಂದ್ರತೆ, V ನಿಮಿಷಕ್ಕೆ ಎಷ್ಟು ಮೂತ್ರ. ಆದರೆ ಈ C, ಅಂದರೆ ಕ್ಲಿಯರೆನ್ಸ್, ನಿಜಕ್ಕೂ ಏನು? ಇಲ್ಲಿ ಸ್ವಲ್ಪ ನಿಲ್ಲೋಣ.

ಅಜ್ಜಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಾರೆ. ಒಂದು ಸೇರು ಅಕ್ಕಿಗೆ ಹತ್ತು ಕಲ್ಲು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಪಕ್ಕದ ತಟ್ಟೆಯಲ್ಲಿ ಇಪ್ಪತ್ತು ಕಲ್ಲು. ಹಾಗಾದರೆ ಎಷ್ಟು ಅಕ್ಕಿ ಹಸನಾಯಿತು? ಎರಡು ಸೇರು ಅಂತೀರಿ. ಆದರೆ ಅಜ್ಜಿ ನಾಲ್ಕು ಸೇರು ಅಕ್ಕಿಯಲ್ಲಿ ಕೈಯಾಡಿಸಿ ಅರ್ಧ ಕಲ್ಲು ಮಾತ್ರ ತೆಗೆದಿರಬಹುದು. ತಟ್ಟೆ ನೋಡಿ ಅದನ್ನು ಹೇಳಲು ಆಗುವುದಿಲ್ಲ. ‘ಎರಡು ಸೇರಿನಷ್ಟು ಕಲ್ಲು ಹೊರಬಿತ್ತು’ ಅಂತ ಮಾತ್ರ ಹೇಳಬಹುದು. ಕ್ಲಿಯರೆನ್ಸ್ ಕೂಡ ಇಷ್ಟೇ. ಪೂರ್ತಿ ಹಸನಾದ ಪ್ಲಾಸ್ಮಾ ಅಂತ ಕಿಡ್ನಿಯ ಯಾವ ಮೂಲೆಯಲ್ಲೂ ಬೇರೆಯಾಗಿ ಇರುವುದಿಲ್ಲ. ಅದು ಲೆಕ್ಕದ ಅಕ್ಕಿ.

ಸರಿ, ಲೆಕ್ಕಕ್ಕೆ ಬರೋಣ. 360 ಮಿಲಿಯನ್ನು 180 ನಿಮಿಷಕ್ಕೆ ಭಾಗಿಸಿ, ನಿಮಿಷಕ್ಕೆ 2 ಮಿಲಿ. ಡೆಸಿಲೀಟರಿಗೆ 20 ಅಂದರೆ ಮಿಲಿಗೆ 0.2.

```
ಇನ್ಯುಲಿನ್: 12 × 2 / 0.2 = 120 mL/min
```

ಇಲ್ಲಿ ಅವಸರದಲ್ಲಿ ಗಂಟೆಯ ಲೆಕ್ಕ ಹಾಕಿ V ಜಾಗದಲ್ಲಿ 120 ಬರೆದವರಿಗೆ 7200 ಬರುತ್ತದೆ. ಅದನ್ನೇ ನಿಮಿಷದ ಲೆಕ್ಕ ಅಂದುಕೊಂಡರೆ ನಿಮಿಷಕ್ಕೆ ಏಳು ಲೀಟರಿಗೂ ಜಾಸ್ತಿ! ಸುಮ್ನೆ ಕೂತ ಮನುಷ್ಯನ ಹೃದಯ ತಳ್ಳುವುದೇ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ. ಉತ್ತರ ಬಂದ ತಕ್ಷಣ ಹೀಗೆ ಒಮ್ಮೆ ಹೋಲಿಸಿ ನೋಡಿದರೆ ತಪ್ಪು ತಾನೇ ಸಿಕ್ಕಿಬೀಳುತ್ತದೆ.

ಇನ್ಯುಲಿನ್ ಕ್ಲಿಯರೆನ್ಸನ್ನೇ ಜಿಎಫ್‌ಆರ್, ಅಂದರೆ ನಿಮಿಷಕ್ಕೆ ಸೋಸುವ ಪ್ರಮಾಣ, ಅಂತ ಹೇಗೆ ನಂಬುವುದು? ಇದು ನನ್ನ ಇಷ್ಟದ ಭಾಗ, ಸ್ವಲ್ಪ ಸಹಿಸಿಕೊಳ್ಳಿ. ಇನ್ಯುಲಿನ್ ಸಿಗುವುದು ಡೇರೆ ಹೂವಿನ ಗೆಡ್ಡೆಯಲ್ಲಿ. ಹೌದು, ಮಲೆನಾಡಿನ ಅಂಗಳದಲ್ಲಿ ಮಳೆಗಾಲ ಬಂದರೆ ಅರಳುವ ಅದೇ ಡೇರೆ. ಚಿಕೋರಿ ಬೇರಿನಲ್ಲೂ ಇದೆ. ಇದು ಗ್ಲೊಮೆರುಲಸ್ಸಿನ ಜರಡಿಯಲ್ಲಿ ಸಲೀಸಾಗಿ ಸೋಸಿ ಹೋಗುತ್ತದೆ. ಆಮೇಲೆ ನಳಿಕೆಗಳು ಅದನ್ನು ವಾಪಸ್ ಹೀರುವುದೂ ಇಲ್ಲ, ರಕ್ತದಿಂದ ತೆಗೆದು ಮೂತ್ರಕ್ಕೆ ಸುರಿಯುವುದೂ ಇಲ್ಲ.

ಸುರಿಯುವುದಿಲ್ಲ ಅಂತ ಹೇಗೆ ಗೊತ್ತು? ಮೀನಿನಿಂದ! ಟೋಡ್‌ಫಿಶ್, ಗೂಸ್‌ಫಿಶ್ ಅಂತ ಕೆಲವು ಸಮುದ್ರದ ಮೀನುಗಳಿವೆ. ಅವುಗಳ ಕಿಡ್ನಿಯಲ್ಲಿ ಗ್ಲೊಮೆರುಲಸ್ಸೇ ಇಲ್ಲ. ಜರಡಿಯೇ ಇಲ್ಲ, ಆದರೂ ಮೂತ್ರ ಬರುತ್ತದೆ. 1920ರ ದಶಕದಲ್ಲಿ ಅಮೆರಿಕದ ಇ. ಕೆ. ಮಾರ್ಷಲ್ ಇಂಥ ಮೀನುಗಳನ್ನು ಹಿಡಿದು ಕೂತರು. ನಳಿಕೆಗಳು ಏನನ್ನಾದರೂ ಸುರಿಯುತ್ತವೆಯೇ ಅನ್ನುವುದೇ ಆಗ ದೊಡ್ಡ ಜಗಳ. ಈ ಮೀನುಗಳಿಗೆ ಫಿನಾಲ್ ರೆಡ್ ಬಣ್ಣ ಕೊಟ್ಟರೆ ಅದು ಮೂತ್ರಕ್ಕೆ ಬರುತ್ತದೆ. ಸೋಸಲು ದಾರಿಯೇ ಇಲ್ಲ ಅಂದ ಮೇಲೆ ನಳಿಕೆಯೇ ಸುರಿದಿರಬೇಕು, ಅಲ್ವಾ? ಮುಂದೆ ಇನ್ಯುಲಿನ್ ಕೊಟ್ಟು ನೋಡಿದರೆ ಅದು ಮೂತ್ರಕ್ಕೆ ಬರಲಿಲ್ಲ. ಜರಡಿಯಿಲ್ಲದ ಮೀನು ನಮ್ಮ ಜರಡಿಯ ಅಳತೆಗೆ ಸಾಕ್ಷಿ ಹೇಳಿತು.

ಈಗ ಔಷಧ.

```
1.6 × 2 / 0.04 = 80 mL/min
```

80 ಅನ್ನುವುದು 120ಕ್ಕಿಂತ ಕಡಿಮೆ. ನಮ್ಮೆಲ್ಲರ ಬಾಯಿಪಾಠ ಏನು? ‘ಜಿಎಫ್‌ಆರ್‌ಗಿಂತ ಕಡಿಮೆ ಇದ್ದರೆ ವಾಪಸ್ ಹೀರಿಕೊಂಡಿದೆ.’ ಆ ಹುಡುಗಿ ಅದನ್ನೇ ಬರೆದಳು, ನಾನೂ ಅದನ್ನೇ ಅಂದೆ. ಕೀ ಆನ್ಸರ್ ಮಾತ್ರ ‘ಸ್ರವಿಕೆ’, ಅಂದರೆ ನಳಿಕೆಗಳೇ ಮೂತ್ರಕ್ಕೆ ಸುರಿದಿವೆ, ಅನ್ನುತ್ತಿತ್ತು.

ಮರೆತ ಸಾಲು ಯಾವುದು? ‘ಅರ್ಧ ಭಾಗ ಪ್ರೋಟೀನಿಗೆ ಅಂಟಿಕೊಂಡಿದೆ.’ ಪ್ಲಾಸ್ಮಾದ ಆಲ್ಬುಮಿನ್ ಅನ್ನುವ ಪ್ರೋಟೀನು ಆನೆ ಇದ್ದ ಹಾಗೆ. ಜರಡಿಯ ಕಿಂಡಿ ಸಣ್ಣದು. ಆನೆ ಮೇಲೆ ಕೂತವನು ಎಷ್ಟೇ ಸಣಕಲನಾದರೂ ಕೆಳಗೆ ಇಳಿಯದೆ ಕಿಂಡಿಯಲ್ಲಿ ತೂರಲಾರ. ಸೋಸಿ ಹೋಗುವುದು ಕೆಳಗಿಳಿದು ನಡೆಯುತ್ತಿರುವ ಅರ್ಧ ಭಾಗ ಮಾತ್ರ.

```
ಸೋಸಿದ್ದು:    120 × 0.04 × 0.5 = 2.4 mg/min
ಹೊರಬಂದದ್ದು: 1.6 × 2 = 3.2 mg/min
```

ಒಳಗೆ ಹೋದದ್ದು 2.4, ಹೊರಗೆ ಬಂದದ್ದು 3.2. ಉಳಿದ 0.8 ಮಿಲಿಗ್ರಾಂ ಎಲ್ಲಿಂದ ಬಂತು? ನಳಿಕೆಗಳೇ ರಕ್ತದಿಂದ ತೆಗೆದು ಸುರಿದಿವೆ. ಅಂದರೆ ಇಲ್ಲಿ 80ನ್ನು 120ರ ಜೊತೆ ಹೋಲಿಸಿದ್ದೇ ತಪ್ಪು. ಹೋಲಿಸಬೇಕಾದದ್ದು 120ರ ಅರ್ಧ, ಅಂದರೆ 60ರ ಜೊತೆ.

ಆದರೆ 0.8 ಕೂಡ ಕಳೆದು ಕೂಡಿ ಉಳಿದ ಲೆಕ್ಕ. ನಳಿಕೆ ಒಂದು ಕಡೆ 2 ಸುರಿದು ಇನ್ನೊಂದು ಕಡೆ 1.2 ವಾಪಸ್ ಹೀರಿದ್ದರೂ ನಮಗೆ ಕಾಣುವುದು 0.8 ಮಾತ್ರ. ಒಳಗಿನ ಆಟ ನೋಡಬೇಕಾದರೆ ಸ್ರವಿಕೆಯನ್ನು ನಿಲ್ಲಿಸಬೇಕು. ಪೆನಿಸಿಲಿನ್‌ನಂಥ ಔಷಧಗಳ ಸ್ರವಿಕೆಯನ್ನು ಪ್ರೊಬೆನೆಸಿಡ್ ತಡೆಯುತ್ತದೆ. 1940ರ ದಶಕದಲ್ಲಿ ಪೆನಿಸಿಲಿನ್ ಬಂಗಾರದಂತಿತ್ತು, ಕಿಡ್ನಿ ಅದನ್ನು ಬೇಗ ಬೇಗ ಹೊರಹಾಕುತ್ತಿತ್ತು. ರೋಗಿಯ ಮೂತ್ರದಿಂದ ಅದನ್ನು ವಾಪಸ್ ತೆಗೆದು ಮತ್ತೆ ಬಳಸಿದ್ದೂ ಉಂಟು! ನಮ್ಮ ಔಷಧವೂ ಅದೇ ಜಾತಿಯದು ಅಂದುಕೊಳ್ಳಿ. ಪ್ರೊಬೆನೆಸಿಡ್ ಕೊಟ್ಟ ಮೇಲೆ ಕ್ಲಿಯರೆನ್ಸ್ 80ರಿಂದ 60ಕ್ಕೆ ಇಳಿದು ನಿಂತರೆ ಸೋಸುವುದೊಂದೇ ಉಳಿಯಿತು ಅಂತ. 45ಕ್ಕೆ ಇಳಿದರೆ? ವಾಪಸ್ ಹೀರುವುದೂ ನಡೆದೇ ಇತ್ತು, ಸ್ರವಿಕೆ ಅದನ್ನು ಮುಚ್ಚಿಟ್ಟಿತ್ತು.

ಸಮಯ ಆಗುತ್ತಾ ಬಂತು, ಗ್ಲೂಕೋಸ್ ಬಗ್ಗೆ ಓಡುತ್ತಾ ಹೇಳಿಬಿಡುತ್ತೇನೆ. ಡೆಸಿಲೀಟರಿಗೆ 100 ಇದ್ದಾಗ ನಳಿಕೆ ಎಲ್ಲವನ್ನೂ ವಾಪಸ್ ಹೀರುತ್ತದೆ, ಕ್ಲಿಯರೆನ್ಸ್ ಸೊನ್ನೆ. 400 ಆದರೆ ಸೋಸುವುದು ನಿಮಿಷಕ್ಕೆ 480 ಮಿಲಿಗ್ರಾಂ. ಹೀರುವ ಮಿತಿ ಸುಮಾರು 375, ಉಳಿದ 105 ಮೂತ್ರಕ್ಕೆ. 105ನ್ನು 4ರಿಂದ ಭಾಗಿಸಿ, ಕ್ಲಿಯರೆನ್ಸ್ ಸುಮಾರು 26. ಸಕ್ಕರೆ ಏರಿದಷ್ಟೂ ಇದು ಮೇಲೆ ಹತ್ತುತ್ತಾ 120ರ ಹತ್ತಿರ ಬರುತ್ತದೆ. ಪಿಎಎಚ್ ಇದರ ಉಲ್ಟಾ. ಅದು ನಳಿಕೆಗಳು ಮೂತ್ರಕ್ಕೆ ಸುರಿಯುವ ವಸ್ತು. ಪ್ಲಾಸ್ಮಾದಲ್ಲಿ ಜಾಸ್ತಿ ಆದಷ್ಟೂ ಸುರಿಯುವ ಪಂಪು ಸಾಲದೆ ಅದರ ಕ್ಲಿಯರೆನ್ಸ್ ಇಳಿಯುತ್ತಾ 120ರ ಕಡೆ ಬರುತ್ತದೆ.

ಕೊನೆಗೆ, ನಮ್ಮ ಔಷಧಕ್ಕೇ ಒಂದು ತಿರುವು ಕೊಡುತ್ತೇನೆ. ಅಂಟಿಕೊಂಡದ್ದು ಅರ್ಧ ಅಲ್ಲ, 20 ಶೇಕಡಾ ಮಾತ್ರ ಅಂತಿಟ್ಟುಕೊಳ್ಳಿ. ಆಗ ಸೋಸಿದ್ದು 3.84, ಹೊರಬಂದದ್ದು ಅದೇ 3.2. ರಕ್ತದ ಅಂಕಿ ಅದೇ, ಮೂತ್ರದ ಅಂಕಿ ಅದೇ, ಕ್ಲಿಯರೆನ್ಸ್ ಅದೇ 80. ಉತ್ತರ ಮಾತ್ರ ತಲೆಕೆಳಗು: ಈಗ ನಿಮಿಷಕ್ಕೆ 0.64 ಮಿಲಿಗ್ರಾಂ ವಾಪಸ್ ಹೋಗುತ್ತಿದೆ. ತಕ್ಕಡಿ ಸಮ ಆಗುವುದು ಎಷ್ಟು ಅಂಟಿಕೊಂಡಾಗ? 80ನ್ನು 120ರಿಂದ ಭಾಗಿಸಿ ನೋಡಿ. ಬಿಡಿಯಾಗಿರುವುದು ಮೂರರಲ್ಲಿ ಎರಡು ಪಾಲು, ಅಂಟಿಕೊಂಡಿರುವುದು ಒಂದು ಪಾಲು.