ಎಡಕ್ಕೊಂದು, ಬಲಕ್ಕೊಂದು: ಅಂಗಡಿಯ ಲೆಕ್ಕ ತಾಳೆಯಾಗುವ ಬಗೆ

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಅಂಗಡಿ ತೆರೆದವರೇ ಇಲ್ಲಿ ಹೆಚ್ಚಾಗಿ ಇದ್ದೀರಿ ಎಂದು ಸಂಘಟಕರು ಹೇಳಿದ್ದಾರೆ. ಲೆಕ್ಕ ಏಕೆ ಬರೆಯಬೇಕು ಎಂಬುದು ನಿಮಗೆ ಗೊತ್ತಿದೆ, ಹಾಗಾಗಿ ಪೀಠಿಕೆ ಬೇಡ. ತಿಂಗಳ ಕೊನೆಗೆ ಕೂಡಿದಾಗ ಡೆಬಿಟ್ಟೂ ಕ್ರೆಡಿಟ್ಟೂ ಸಮ ಬರುತ್ತವೆ, ಅದೇನೋ ಪವಾಡ ಎಂದು ಅನೇಕರು ತಿಳಿದಿದ್ದಾರೆ. ಪವಾಡವೇನೂ ಅಲ್ಲ. ಆ ಸಮವನ್ನು ಪ್ರತಿ ಸಾಲಿನಲ್ಲೂ ನಾವೇ ಇಟ್ಟಿರುತ್ತೇವೆ. ಇಟ್ಟದ್ದು ಕೊನೆಗೆ ಸಿಗುತ್ತದೆ, ಅಷ್ಟೇ.

ಜೋಡಿ ನಮೂದು ಎಂದರೆ ಒಂದೇ ವ್ಯವಹಾರವನ್ನು ಎರಡು ಖಾತೆಗಳಲ್ಲಿ ಬರೆಯುವುದು. ಖಾತೆಯ ಎಡಬದಿ ಡೆಬಿಟ್, ಬಲಬದಿ ಕ್ರೆಡಿಟ್. ಇವುಗಳಿಗೆ ಒಳ್ಳೆಯದು, ಕೆಟ್ಟದ್ದು ಎಂಬ ಅರ್ಥವೇ ಇಲ್ಲ. ಮೊತ್ತ ಎಲ್ಲಿಂದ ಬಂತು ಎಂಬುದು ಬಲಕ್ಕೆ, ಎಲ್ಲಿಗೆ ಸೇರಿತು ಎಂಬುದು ಎಡಕ್ಕೆ. ಬಂದ ಮೊತ್ತವೇ ಸೇರಿದ ಮೊತ್ತ, ನಡುವೆ ಸೋರಲು ದಾರಿಯಿಲ್ಲ.

ಇಲ್ಲಿ ಯಾರಾದರೂ ಎದ್ದು ಕೇಳಿಯೇ ಕೇಳುತ್ತೀರಿ: "ಹಣ ಬಂದಾಗ ಬ್ಯಾಂಕು ಕ್ರೆಡಿಟ್ ಆಯಿತು ಅಂತ ಸಂದೇಶ ಕಳಿಸುತ್ತೆ, ನೀವು ಡೆಬಿಟ್ ಅಂತೀರಲ್ಲ?" ಈ ಪ್ರಶ್ನೆ ನನಗೆ ಬಹಳ ಇಷ್ಟ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ಬ್ಯಾಂಕು ಕಳಿಸುವ ಸಂದೇಶ ಬ್ಯಾಂಕಿನ ಪುಸ್ತಕದ ಮಾತು, ನಿಮ್ಮ ಪುಸ್ತಕದ್ದಲ್ಲ. ನೀವು 10,000 ಕಟ್ಟಿದಿರಿ ಎನ್ನಿ. ಬ್ಯಾಂಕಿನ ಗಲ್ಲಾಪೆಟ್ಟಿಗೆಗೆ 10,000 ಸೇರಿತು, ಅವರಿಗೆ ಅದು ಡೆಬಿಟ್. ಬಂದದ್ದು ನಿಮ್ಮಿಂದ, ಅಂದರೆ ಅವರು ನಿಮಗೆ ಅಷ್ಟು ಬಾಕಿ, ಆದ್ದರಿಂದ ನಿಮ್ಮ ಹೆಸರಿನ ಖಾತೆಗೆ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಅದೇ ವ್ಯವಹಾರ ತಿರುಗುಮುರುಗಾಗಿ ಬರುತ್ತದೆ: ಬ್ಯಾಂಕ್ ಖಾತೆ ಡೆಬಿಟ್, ನಗದು ಖಾತೆ ಕ್ರೆಡಿಟ್. ಕನ್ನಡಿಯಲ್ಲಿ ಎಡಗೈ ಬಲಗೈಯಾಗಿ ಕಂಡ ಹಾಗೆ. ಬ್ಯಾಂಕಿನ ಸಂದೇಶ ನೋಡಿಕೊಂಡು ನಿಮ್ಮ ಪುಸ್ತಕ ಬರೆದರೆ ಆ ಸಾಲುಗಳೆಲ್ಲ ಉಲ್ಟಾ ಆಗುತ್ತವೆ. ತಮಾಷೆ ಏನೆಂದರೆ, ಎರಡೂ ಕಡೆ ಉಲ್ಟಾ ಬರೆದರೆ ಮೊತ್ತ ಆಗಲೂ ಸಮವೇ! ಈ ಮಾತು ನೆನಪಿರಲಿ, ಮತ್ತೆ ಬರುತ್ತದೆ.

ಈಗ ಒಂದು ಅಂಗಡಿ ಕಟ್ಟೋಣ. ಮಾಲೀಕ 1,00,000 ನಗದು ಹಾಕಿ ಶುರು ಮಾಡುತ್ತಾನೆ. ಲೆಕ್ಕದ ಮಟ್ಟಿಗೆ ಅಂಗಡಿಯೇ ಬೇರೆ, ಮಾಲೀಕನೇ ಬೇರೆ. ಅಂಗಡಿಯ ನಗದಿಗೆ ಹಣ ಸೇರಿತು, ಮಾಲೀಕನಿಂದ ಬಂತು. ನಗದು ಡೆಬಿಟ್ 1,00,000, ಬಂಡವಾಳ ಕ್ರೆಡಿಟ್ 1,00,000. ಕಪಾಟುಗಳಿಗೆ 20,000 ಕೊಟ್ಟ: ಪೀಠೋಪಕರಣ ಡೆಬಿಟ್, ನಗದು ಕ್ರೆಡಿಟ್. ಸಗಟು ವ್ಯಾಪಾರಿಯಿಂದ 50,000ದ ಸರಕು ಉದ್ರಿ ತಂದ: ಖರೀದಿ ಡೆಬಿಟ್, ಆ ವ್ಯಾಪಾರಿಯ ಖಾತೆ ಕ್ರೆಡಿಟ್. ಇಲ್ಲಿ ನಗದು ಅಲುಗಲೇ ಇಲ್ಲ, ಆದರೂ ಎರಡು ನಮೂದು ಆದವು. ನಗದು ಪುಸ್ತಕ ಮಾತ್ರ ಇಡುವವರಿಗೆ ತಪ್ಪಿಹೋಗುವುದು ಇಂಥದ್ದೇ.

ಆಮೇಲೆ 30,000ಕ್ಕೆ ಮಾರಾಟವಾಯಿತು. 22,000 ಕೈಗೆ ಬಂತು, 8,000 ಗಿರಾಕಿ ಬಾಕಿ ಉಳಿಸಿಕೊಂಡ. ಎಡಕ್ಕೆ ಎರಡು ಸಾಲು, ನಗದು 22,000 ಮತ್ತು ಗಿರಾಕಿಯ ಖಾತೆ 8,000. ಬಲಕ್ಕೆ ಒಂದೇ ಸಾಲು, ಮಾರಾಟ 30,000. ಸಾಲುಗಳ ಸಂಖ್ಯೆ ಸಮ ಇರಬೇಕಿಲ್ಲ, ಮೊತ್ತ ಸಮ ಇದ್ದರಾಯಿತು. ಬಾಡಿಗೆ 5,000 ಕೊಟ್ಟ: ಬಾಡಿಗೆ ಡೆಬಿಟ್, ನಗದು ಕ್ರೆಡಿಟ್. ಸಗಟು ವ್ಯಾಪಾರಿಗೆ 27,000 ತೀರಿಸಿದ: ಅವನ ಖಾತೆ ಡೆಬಿಟ್, ನಗದು ಕ್ರೆಡಿಟ್.

ಪ್ರತಿ ಖಾತೆಯ ಶಿಲ್ಕು ತೆಗೆಯೋಣ. ನಗದಿಗೆ ಸೇರಿದ್ದು 1,22,000, ಹೋದದ್ದು 52,000, ಉಳಿದದ್ದು 70,000. ಸಗಟು ವ್ಯಾಪಾರಿಗೆ ಕೊಡಬೇಕಾದದ್ದು 23,000. ಈ ಶಿಲ್ಕುಗಳನ್ನು ಒಂದು ಹಾಳೆಯ ಮೇಲೆ ಇಳಿಸಿದರೆ ಅದೇ ತಾಳೆಪಟ್ಟಿ. ಎಡಕ್ಕೆ ನಗದು 70,000, ಪೀಠೋಪಕರಣ 20,000, ಖರೀದಿ 50,000, ಗಿರಾಕಿ 8,000, ಬಾಡಿಗೆ 5,000. ಬಲಕ್ಕೆ ಬಂಡವಾಳ 1,00,000, ಸಗಟು ವ್ಯಾಪಾರಿ 23,000, ಮಾರಾಟ 30,000. ಎರಡೂ ಕಡೆ 1,53,000. ಬೇರೆ ಬರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಆರು ವ್ಯವಹಾರದಲ್ಲೂ ಸಮವನ್ನು ನಾವೇ ಇಟ್ಟಿದ್ದೆವು.

ಹಾಗಾದರೆ ತಾಳೆಯಾಗದೆ ಇರುವುದು ಯಾವಾಗ? ವ್ಯವಹಾರಗಳನ್ನು ನಡೆದ ದಿನದ ಕ್ರಮದಲ್ಲಿ ಬರೆಯುವ ರೋಜನಾಮೆಯಿಂದ, ಒಂದೊಂದು ಖಾತೆಗೂ ಬೇರೆ ಪುಟವಿರುವ ಖಾತೆ ಪುಸ್ತಕಕ್ಕೆ ಎತ್ತಿ ಬರೆಯುವಾಗ ಕೈ ತಪ್ಪಿದರೆ, ಇಲ್ಲವೇ ಕೂಡುವುದರಲ್ಲಿ ತಪ್ಪಿದರೆ. ಆಗ ಎಲ್ಲ ಪುಟಗಳನ್ನೂ ತಿರುವಿಹಾಕಲು ಹೋಗಬೇಡಿ, ಮೊದಲು ವ್ಯತ್ಯಾಸದ ಮೊತ್ತವನ್ನೇ ನೋಡಿ. ಬಾಡಿಗೆಯ 5,000ವನ್ನು ಅದರ ಖಾತೆಯಲ್ಲಿ ಎಡದ ಬದಲು ಬಲಕ್ಕೆ ಬರೆದಿದ್ದರೆ ಎಡ 1,48,000, ಬಲ 1,58,000 ಆಗುತ್ತದೆ. ಅಂತರ 10,000. ಒಂದು ಕಡೆ ಇಳಿಯಿತು, ಇನ್ನೊಂದು ಕಡೆ ಏರಿತು, ಹಾಗಾಗಿ ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಅಂತರವನ್ನು ಅರ್ಧ ಮಾಡಿ, ಆ ಮೊತ್ತದ ಸಾಲು ಎಲ್ಲಿದೆ ಎಂದು ಹುಡುಕಿ.

ಇನ್ನೊಂದು ತಪ್ಪು ಅಂಕಿ ಅದಲುಬದಲಾಗುವುದು. ಸಗಟು ವ್ಯಾಪಾರಿಯ ಖಾತೆಯಲ್ಲಿ 27,000ದ ಬದಲು 72,000 ಬರೆದರೆ ಅಂತರ 45,000. ಇದು 9ರಿಂದ ಭಾಗವಾಗುತ್ತದೆ. ಅಕ್ಕಪಕ್ಕದ ಎರಡು ಅಂಕಿ ಸ್ಥಾನ ಬದಲಿಸಿದರೆ ಯಾವಾಗಲೂ ಹೀಗೆಯೇ, ಏಕೆಂದರೆ ಹತ್ತರ ಸ್ಥಾನದ ಒಂದಕ್ಕೂ ಬಿಡಿ ಸ್ಥಾನದ ಒಂದಕ್ಕೂ ಇರುವ ಅಂತರವೇ 9. 2,700ರ ಬದಲು 270 ಬರೆದು ಸೊನ್ನೆ ನುಂಗಿದರೂ ಅಂತರ 9ರಿಂದಲೇ ಭಾಗವಾಗುತ್ತದೆ. ಇದು ಸುಳಿವು ಮಾತ್ರ, ಸಾಕ್ಷಿಯಲ್ಲ; 9ರಿಂದ ಭಾಗವಾಗುವ ಮೊತ್ತದ ಸಾಲೊಂದು ಬಿಟ್ಟುಹೋಗಿದ್ದರೂ ಹಾಗೇ ಕಾಣುತ್ತದೆ.

ಈ ಪದ್ಧತಿ ಹಳೆಯದು. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಾಚೋಲಿ ಎಂಬ ಪಾದ್ರಿ ಇದನ್ನು ಅಚ್ಚು ಹಾಕಿಸಿದ. ಕಂಡುಹಿಡಿದದ್ದು ಅವನಲ್ಲ, ಅಲ್ಲಿನ ವರ್ತಕರು ಆಗಲೇ ಹೀಗೆ ಬರೆಯುತ್ತಿದ್ದರು. ಅವನು ಹೇಳಿದ ಕ್ರಮದಲ್ಲಿ ಮೂರು ಪುಸ್ತಕ: ನಡೆದದ್ದನ್ನು ನಡೆದ ಹಾಗೆ ಗೀಚುವ ಟಿಪ್ಪಣಿ, ರೋಜನಾಮೆ, ಖಾತೆ ಪುಸ್ತಕ. ರೋಜನಾಮೆಯ ಸಾಲಿನಲ್ಲಿ ಡೆಬಿಟ್ಟಿಗೂ ಕ್ರೆಡಿಟ್ಟಿಗೂ ನಡುವೆ ಎರಡು ಓರೆಗೆರೆ. ಆ ಗೆರೆಗಳನ್ನು... ಸಮಯ ಆಗುತ್ತಿದೆ ಎಂದು ಚೀಟಿ ಬಂತು. ಪಾಚೋಲಿ ಅಲ್ಲೇ ಇರಲಿ.

ಮುಖ್ಯವಾದದ್ದು ಇನ್ನೂ ಬಾಕಿ. ತಾಳೆಯಾಯಿತು ಎಂದರೆ ಲೆಕ್ಕ ಸರಿ ಎಂದಲ್ಲ. ಕಪಾಟಿನ 20,000ವನ್ನು ಖರೀದಿ ಖಾತೆಗೆ ಬರೆದರೆ ಪಟ್ಟಿ ಸಮವೇ, ಆದರೆ ವರ್ಷಗಟ್ಟಲೆ ಬಾಳುವ ಕಪಾಟು ಈ ತಿಂಗಳ ಸರಕಿನ ಖರ್ಚಾಗಿ ಲಾಭವನ್ನು ನುಂಗುತ್ತದೆ. ಮಾಲೀಕ ಗಲ್ಲಾದಿಂದ 3,000 ಮನೆಗೆ ಒಯ್ದು ಏನನ್ನೂ ಬರೆಯದಿದ್ದರೂ ಪಟ್ಟಿ ಸಮವೇ, ಏಕೆಂದರೆ ಎರಡೂ ನಮೂದು ಒಟ್ಟಿಗೇ ಬಿಟ್ಟುಹೋಗಿವೆ. ಅದನ್ನು ಹಿಡಿಯುವುದು ಕೈಯಿಂದ ಎಣಿಸಿದ ನಗದು: ಪುಸ್ತಕದಲ್ಲಿ 70,000, ಗಲ್ಲಾದಲ್ಲಿ 67,000. ಬರೆಯಬೇಕಾದದ್ದು ಮಾಲೀಕನ ಹಿಂಪಡೆತ ಡೆಬಿಟ್ 3,000, ನಗದು ಕ್ರೆಡಿಟ್ 3,000. ಆದ್ದರಿಂದ ದಿನಾ ಅಂಗಡಿ ಮುಚ್ಚುವಾಗ ನಗದು ಎಣಿಸಿ, ತಿಂಗಳಿಗೊಮ್ಮೆ ಬ್ಯಾಂಕಿನ ಪಟ್ಟಿಯ ಜೊತೆ ಕನ್ನಡಿಯ ಲೆಕ್ಕದಲ್ಲಿ ಹೋಲಿಸಿ, ಸಗಟು ವ್ಯಾಪಾರಿಯನ್ನು "ನಿಮ್ಮ ಪುಸ್ತಕದಲ್ಲಿ ನನ್ನ ಬಾಕಿ ಎಷ್ಟಿದೆ?" ಎಂದು ಕೇಳಿ.

ಲಾಭದ ಬಗ್ಗೆ ಎರಡೇ ಮಾತು. ಮಾರಾಟ 30,000, ಖರೀದಿ 50,000, ಹಾಗಾದರೆ ನಷ್ಟವೇ ಎಂದು ಗಾಬರಿಯಾಗಬೇಡಿ. ಕಪಾಟಿನಲ್ಲಿ ಉಳಿದ ಸರಕನ್ನು ಕೊಂಡ ಬೆಲೆಯಲ್ಲಿ ಎಣಿಸಿ. ಅದು 30,000 ಇದ್ದರೆ ಮಾರಿದ ಸರಕಿನ ಅಸಲು 20,000, ಒಟ್ಟು ಲಾಭ 10,000, ಬಾಡಿಗೆ ಕಳೆದರೆ 5,000. ಉಳಿದ ಸರಕಿಗೂ ನಮೂದು ಎರಡೇ: ದಾಸ್ತಾನು ಡೆಬಿಟ್ 30,000, ಖರೀದಿ ಕ್ರೆಡಿಟ್ 30,000. ಕಪಾಟಿನ ಸವಕಳಿಯನ್ನೂ ಕಳೆಯಬೇಕು, ಅದಕ್ಕೆ ಈಗ ಹೊತ್ತಿಲ್ಲ. ಪ್ರಶ್ನೆಗಳಿದ್ದರೆ ಕೇಳಿ.